ಮಸುಕು ಫೋಟೊದಿಂದ ಅರಬ್ಬಿ ಅನುವಾದ: ಪಾರ್ಟಿಗೆ ಕೊಡುವ ಟಿಪ್ಪಣಿಯಲ್ಲಿ ಏನು ಬರೆಯೋದು?

ತರ್ಜುಮೆ_ಕುಡ್ಲ
ಸೌದಿಯಲ್ಲಿ ಕೆಲಸ ಬಿಟ್ಟ ಡ್ರೈವರೊಬ್ಬರ ಲೆಕ್ಕ ಚುಕ್ತಾ ಪತ್ರ ಅನುವಾದಕ್ಕೆ ಬಂದಿದೆ. ಅಲ್ಲಿ ಇದಕ್ಕೆ ಮುಖಾಲಸಾ ಅಂತಾರೆ. ಒಂದೇ ಪುಟ. ಅಚ್ಚಾದ ಫಾರಂ, ಖಾಲಿ ಜಾಗಗಳನ್ನು ಕೈಯಲ್ಲಿ ತುಂಬಿದ್ದಾರೆ. ಬಂದಿರೋದು ವಾಟ್ಸಾಪ್ ಫೋಟೊ, ಫೈಲು 1200 × 1600 ಪಿಕ್ಸೆಲ್. ಮಡಿಕೆಯ ಗೆರೆ ನಡುವೆ ಹಾದಿದೆ, ಒಟ್ಟು ಮೊತ್ತದ ಅಂಕಿಯ ಮೇಲೆ ನೀಲಿ ಮೊಹರು ಬಿದ್ದಿದೆ, ಎಡಗಡೆ ಕೆಳಗೆ ಟ್ಯೂಬ್‌ಲೈಟಿನ ಬಿಳಿ ಹೊಳಪು. ಮೂಲ ಕಾಗದ ದಮಾಮಿನಲ್ಲಿರುವ ಅವರ ತಮ್ಮನ ಹತ್ತಿರ ಇದೆಯಂತೆ.

ಅನುವಾದ ಮುಗಿದಿದೆ. ಇದು ಎಷ್ಟು ನಂಬಬಹುದಾದದ್ದು ಅಂತ ಪಾರ್ಟಿಗೆ ಒಂದು ಸಣ್ಣ ಟಿಪ್ಪಣಿ ಕೊಡಬೇಕು. ಸದ್ಯಕ್ಕೆ ಹೀಗೆ ಬರೆದಿದ್ದೇನೆ: "ಫೋಟೊ ಅಸ್ಪಷ್ಟವಾಗಿರುವುದರಿಂದ ಅನುವಾದದಲ್ಲಿ ತಪ್ಪುಗಳಿದ್ದಲ್ಲಿ ನಾವು ಜವಾಬ್ದಾರರಲ್ಲ." ಇಷ್ಟು ಸಾಕಾ?

ಶಿರಸಿ_ಹುಡುಗ
ಸ್ಕ್ಯಾನರ್ ಆ್ಯಪ್‌ಗೆ ಹಾಕಿ ಕಪ್ಪು-ಬಿಳುಪು ಫಿಲ್ಟರ್ ಕೊಡಿ ಸರ್, ಅಕ್ಷರ ಎಲ್ಲ ಎದ್ದು ಕಾಣುತ್ತೆ. ಟಿಪ್ಪಣಿಯ ಗೊಡವೆಯೇ ಬೇಡ.

ನುಕ್ತೆ
@ಶಿರಸಿ_ಹುಡುಗ ಕೇಳಿದ್ದು ಅದಲ್ಲ. ಆದರೂ ಆ ಫಿಲ್ಟರ್ ಬಗ್ಗೆ ಒಂದು ಮಾತು ಹೇಳಲೇಬೇಕು, ಅರಬ್ಬಿಗೆ ಅದು ವಿಷ. ಒಂದು ಮಟ್ಟಕ್ಕಿಂತ ತೆಳುವಾಗಿರುವುದನ್ನೆಲ್ಲ ಬಿಳಿ ಮಾಡಿಬಿಡುತ್ತೆ, ಮೊದಲು ಹೋಗೋದು ಚುಕ್ಕೆ. ಕನ್ನಡದಲ್ಲಿ ಅಕ್ಷರದ ಅಂಚು ಮಸುಕಾದರೂ ಆಕಾರ ಹಿಡಿದು ಓದಬಹುದು. ಅರಬ್ಬಿಯಲ್ಲಿ ಪದದ ನಡುವೆ ಬಂದಾಗ ಬಾ, ತಾ, ಥಾ, ನೂನ್, ಯಾ ಐದಕ್ಕೂ ಒಂದೇ ಹಲ್ಲು, ಅಂದರೆ ಮೇಲಕ್ಕೆದ್ದ ಒಂದು ಸಣ್ಣ ಗೆರೆ. ಯಾವ ಅಕ್ಷರ ಅಂತ ಹೇಳೋದು ಚುಕ್ಕೆ ಎಷ್ಟು, ಮೇಲಿದೆಯೋ ಕೆಳಗಿದೆಯೋ ಅನ್ನೋದು ಮಾತ್ರ.

ನಿಮ್ಮ ಫೈಲಿನ ಲೆಕ್ಕವನ್ನೇ ಹಿಡಿಯಿರಿ. ಉದ್ದದ 1600 ಪಿಕ್ಸೆಲ್‌ನಲ್ಲಿ ಮೇಜು, ಬೆರಳು ಕಳೆದು ಪುಟಕ್ಕೆ ಎಷ್ಟು ಸಿಕ್ಕಿದೆ?

ತರ್ಜುಮೆ_ಕುಡ್ಲ
ಅಳೆದೆ. ಸುಮಾರು 1300.

ನುಕ್ತೆ
ಎ4 ಪುಟದ ಉದ್ದ 297 ಮಿಲಿಮೀಟರ್. ಅಲ್ಲಿಗೆ ಮಿಲಿಮೀಟರಿಗೆ 4 ಚಿಲ್ಲರೆ ಪಿಕ್ಸೆಲ್. ಪೆನ್ನಿನ ಚುಕ್ಕೆ ಅರ್ಧ ಮಿಲಿಮೀಟರ್ ಅಂದರೂ ನಿಮಗೆ ಸಿಗೋದು ಎರಡು ಪಿಕ್ಸೆಲ್. ಜೇಪೆಗ್ ಚಿತ್ರವನ್ನು 8 × 8 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ ಒತ್ತುತ್ತೆ. ಎರಡು ಪಿಕ್ಸೆಲ್‌ನ ಚುಕ್ಕೆ ಆ ಚೌಕದಲ್ಲಿ ಕರಗಿಹೋಗಬಹುದು, ಇಲ್ಲದ ಕಡೆ ಕಲೆಯಾಗಿ ಮೂಡಲೂಬಹುದು. ಅದಕ್ಕೇ ದೊಡ್ಡದು ಮಾಡಿ ನೋಡಿದಷ್ಟೂ ಗೊಂದಲ ಹೆಚ್ಚು.

ಈಗ ನಿಮ್ಮ ಪ್ರಶ್ನೆಗೆ. ಆ ವಾಕ್ಯ ಸಾಲದು. ಸಾಲದು ಅನ್ನೋದಕ್ಕಿಂತ, ಅದರಿಂದ ಪಾರ್ಟಿಗೆ ಏನೂ ತಿಳಿಯೋದಿಲ್ಲ. ಅಚ್ಚಾದ ಭಾಗವನ್ನೂ ಅನುಮಾನಿಸಬೇಕಾ, ಮೊತ್ತವನ್ನು ನಂಬಬೇಕಾ, ಅವರಿಗೆ ಹೇಗೆ ಗೊತ್ತಾಗಬೇಕು? ಯಾವ ಜಾಗ, ಅಲ್ಲಿ ಯಾವ ಯಾವ ಓದು ಸಾಧ್ಯ, ಏನು ತಂದುಕೊಟ್ಟರೆ ಇತ್ಯರ್ಥವಾಗುತ್ತೆ, ಈ ಮೂರನ್ನು ಹೇಳಿ. ಅನುಮಾನದ ಜಾಗಗಳು ಯಾವುವು?

ತರ್ಜುಮೆ_ಕುಡ್ಲ
ಐದು.

ಒಟ್ಟು ಮೊತ್ತ: ಅಕ್ಷರದಲ್ಲಿ "… ಆಲಾಫ್ ರಿಯಾಲ್" ಅಂತಿದೆ, ಆಲಾಫ್ ಅಂದರೆ ಸಾವಿರಗಳು. ಮೊದಲ ಪದ ಸಬ್‌ಆ ಅಂದರೆ ಏಳು, ಇಲ್ಲವೇ ತಿಸ್‌ಆ ಅಂದರೆ ಒಂಬತ್ತು. ಅಂಕಿ ಮೊಹರಿನ ಅಡಿಯಲ್ಲಿದೆ.
ತಿಂಗಳ ಸಂಬಳ: ಕೈಬರಹದ ಅಂಕಿ ಮಾತ್ರ, 2000 ಅಥವಾ 3000.
ಸೇರಿದ ವರ್ಷ: ಹಿಜರಿ 1438 ಅಥವಾ 1437, ಕೊನೆಯ ಅಂಕಿಯ ಮೇಲೆ ಮಡಿಕೆ. ಬಿಟ್ಟ ವರ್ಷ 1444 ಸ್ಪಷ್ಟ. ದಿನ, ತಿಂಗಳು ಎರಡೂ ಕಡೆ ಒಂದೇ.
ಕೆಲಸ ಬಿಡಲು ಕಾರಣ: ಗುರುತು ಹಾಕುವ ಚೌಕಗಳೆಲ್ಲ ಹೊಳಪಿನಲ್ಲಿ ಮುಚ್ಚಿಹೋಗಿವೆ.
ಕೊನೆಗೆ ಕೈಯಲ್ಲಿ ಸೇರಿಸಿದ ಒಂದು ಸಾಲು: ಊರಿಗೆ ಹೋಗುವ ಟಿಕೆಟಿನ ಹಣ ಯಾರು ಭರಿಸಬೇಕು ಅನ್ನೋದು.

ಗಣಕಯ್ಯ
ಮೊದಲ ಮೂರಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಲೆಕ್ಕ ಹಾಕಿದರೆ ಸಿಕ್ಕಿಬಿಡುತ್ತೆ. ಸೌದಿ ಕಾರ್ಮಿಕ ಕಾಯ್ದೆಯ 84ನೇ ವಿಧಿ ಪ್ರಕಾರ ಕೆಲಸ ಬಿಡುವಾಗ ಕೊಡಬೇಕಾದ್ದು, ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಪೂರ್ತಿ ತಿಂಗಳದ್ದು. ಸಂಬಳ 2000, 1438ರಿಂದ 1444 ಅಂದರೆ ಆರು ವರ್ಷ. ಮೊದಲ ಐದಕ್ಕೆ 5000, ಆರನೆಯದಕ್ಕೆ 2000, ಒಟ್ಟು 7000. ಸಬ್‌ಆ ಆಲಾಫ್. ಅಂಕಿ, ಅಕ್ಷರ, ವರ್ಷ ಮೂರೂ ಕೂಡಿಬಂತು. 7000 ಅಂತ ಬರೆದು ಕಳಿಸಿ.

ನುಕ್ತೆ
ಲೆಕ್ಕ ಸರಿ. ಈಗ ಇನ್ನೊಂದು ಓದಿನಿಂದಲೂ ಅದೇ ಲೆಕ್ಕ ಹಾಕಿ. 1437 ಅಂತ ಓದಿದರೆ ಏಳು ವರ್ಷ. ಸಂಬಳ 2000ವೇ ಇರಲಿ. 5000ಕ್ಕೆ ಕೊನೆಯ ಎರಡು ವರ್ಷದ 4000 ಸೇರಿ 9000. ತಿಸ್‌ಆ ಆಲಾಫ್. ಅದೂ ಕೂಡಿಬಂತು.

ಗಣಕಯ್ಯ
ಅಯ್ಯೋ. ಹಾಗಾದರೆ ಸಂಬಳ 3000 ಅನ್ನೋದಾದರೂ ಬಿದ್ದುಹೋಯ್ತಲ್ಲ? ಆರು ವರ್ಷಕ್ಕೆ 10,500 ಆಗುತ್ತೆ, ಏಳಕ್ಕೆ 13,500.

ಹಳೇಕಡತ
ಬಿದ್ದುಹೋಗಿಲ್ಲ ಅಣ್ಣ. ಅವರೇ ರಾಜೀನಾಮೆ ಕೊಟ್ಟಿದ್ದರೆ 85ನೇ ವಿಧಿ ಬರುತ್ತೆ. ಸೇವೆ ಐದಕ್ಕಿಂತ ಹೆಚ್ಚು, ಹತ್ತಕ್ಕಿಂತ ಕಡಿಮೆ ವರ್ಷ ಇದ್ದರೆ ಸಿಗೋದು ಮೂರರಲ್ಲಿ ಎರಡು ಭಾಗ. 10,500ರಲ್ಲಿ ಮೂರನೇ ಎರಡು 7000. 13,500ರಲ್ಲಿ 9000. ರಾಜೀನಾಮೆಯೋ ಕಂಪನಿಯೇ ಬಿಡಿಸಿದ್ದೋ ಹೇಳಬೇಕಾದ ಚೌಕ ಟ್ಯೂಬ್‌ಲೈಟಿನ ಪಾಲಾಗಿದೆ.

ನಾಲ್ಕು ಓದು, ನಾಲ್ಕಕ್ಕೂ ಲೆಕ್ಕ ತಾಳೆ. ಸಾಲ, ಮುಂಗಡ ಕಳೆದಿದ್ದರೆ ಅದು ಬೇರೆ.

ಗಣಕಯ್ಯ
ಒಪ್ಪಿದೆ. ನನ್ನ ಮೇಲಿನ ಉತ್ತರ ನಂಬಬೇಡಿ.

ನುಕ್ತೆ
ಬೇರೆ ಓದುಗಳು ತಾಳೆಯಾಗದೆ ಒಂದೇ ಓದು ಉಳಿದಿದ್ದರೂ ಅದನ್ನು ಅನುವಾದದೊಳಗೆ ತುಂಬುವ ಹಾಗಿಲ್ಲ. ಕಂಪನಿ ತಪ್ಪು ಲೆಕ್ಕ ಹಾಕಿರಬಹುದಲ್ಲ, ಬಹುಶಃ ಜಗಳ ಇರೋದೇ ಅದರ ಮೇಲೆ. ನೀವು ಕಾಯ್ದೆ ಪ್ರಕಾರ ಬರಬೇಕಾದ ಅಂಕಿ ತುಂಬಿದರೆ ಕಾಗದದಲ್ಲಿದ್ದ ತಪ್ಪನ್ನೇ ಅಳಿಸಿದಂತಾಯ್ತು. "ಲೆಕ್ಕ ಹಾಕಿ ತುಂಬಿಲ್ಲ" ಅಂತ ಟಿಪ್ಪಣಿಯಲ್ಲೇ ಒಂದು ಮಾತು ಇರಲಿ.

ಇನ್ನು ಏಳು-ಒಂಬತ್ತು. ಸಬ್‌ಆದಲ್ಲಿ ಮೊದಲು ಸೀನ್, ಆಮೇಲೆ ಬಾ. ತಿಸ್‌ಆದಲ್ಲಿ ಮೊದಲು ತಾ, ಆಮೇಲೆ ಸೀನ್. ಸೀನ್‌ಗೆ ಮೂರು ಹಲ್ಲು, ಬಾ ಅಥವಾ ತಾಗೆ ಒಂದು. ಚುಕ್ಕೆ ತೆಗೆದರೆ ಎರಡೂ ಪದಗಳು ಸಾಲಾಗಿ ನಾಲ್ಕು ಹಲ್ಲು, ಮುಂದೆ ಐನ್. ಎಪ್ಪತ್ತು-ತೊಂಬತ್ತಕ್ಕೂ ಇದೇ ಗತಿ. ಅಂಕಿಯಲ್ಲಿ ಮಾತ್ರ ಈ ಗೊಂದಲವಿಲ್ಲ, ಅರಬ್ಬಿ ಏಳು ವಿ ಆಕಾರ, ಒಂಬತ್ತಕ್ಕೆ ತಲೆಯಲ್ಲಿ ಕುಣಿಕೆ. ಎರಡು-ಮೂರರದು ಇದಕ್ಕೆ ತಿರುಗುಮುರುಗು, ಅಂಕಿಯಲ್ಲಿ ಕಲಸಿಹೋಗುತ್ತೆ, ಅಕ್ಷರದಲ್ಲಿ ಬರೆದರೆ ಬೇರೆ ಬೇರೆ. ಅಂಕಿ, ಅಕ್ಷರ ಎರಡೂ ಕಣ್ಣಿಗೆ ಬಿದ್ದರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ. ನಿಮ್ಮ ಫೋಟೊದಲ್ಲಿ ಎಲ್ಲಿ ಯಾವುದು ಬೇಕಿತ್ತೋ ಅಲ್ಲಿ ಅದೇ ಇಲ್ಲ.

ಕೈಬರಹ ರುಕ್‌ಆ ಶೈಲಿಯಾ?

ತರ್ಜುಮೆ_ಕುಡ್ಲ
ಹೌದು. ಎರಡು ಚುಕ್ಕೆಗೆ ಒಂದು ಸಣ್ಣ ಅಡ್ಡಗೆರೆ ಎಳೆದಿದ್ದಾರೆ.

ನುಕ್ತೆ
ಹಾಗಿದ್ದರೆ ಒಂದು ದಾರಿ ಇದೆ. ರುಕ್‌ಆದಲ್ಲಿ ಸೀನ್‌ನ ಹಲ್ಲು ಬಿಡಿಸಿ ಬರೆಯೋದಿಲ್ಲ, ಉದ್ದ ಗೆರೆಯಾಗಿ ಎಳೆದುಬಿಡುತ್ತಾರೆ. ಬಲದಿಂದ ನೋಡಿ. ಮೊದಲು ಉದ್ದ ಗೆರೆ, ಆಮೇಲೆ ಒಂದು ಹಲ್ಲು ಎದ್ದಿದ್ದರೆ ಸಬ್‌ಆ. ಮೊದಲು ಹಲ್ಲು, ಆಮೇಲೆ ಉದ್ದ ಗೆರೆ ಇದ್ದರೆ ತಿಸ್‌ಆ. ಚುಕ್ಕೆ ಕಾಣದಿದ್ದರೂ ಇದು ಕಾಣಬಹುದು.

ತರ್ಜುಮೆ_ಕುಡ್ಲ
ನೋಡಿದೆ. ಬಲಗಡೆ ಗೆರೆಯೇ ಶುರುವಾದ ಹಾಗಿದೆ, ಆದರೆ ಮಡಿಕೆ ಸರಿಯಾಗಿ ಪದದ ಬಲತುದಿಯಲ್ಲೇ ಹಾದಿದೆ. ಅಲ್ಲೊಂದು ಹಲ್ಲು ಇದ್ದು ಮಡಿಕೆಯೊಳಗೆ ಹೋಗಿದ್ದರೆ ಗೊತ್ತಾಗಲ್ಲ. ಏಳರ ಕಡೆ ವಾಲುತ್ತೆ ಅನ್ನಬಹುದು, ಅಷ್ಟೇ.

ಭಟ್ಕಳ_ಬಂದರು
ಊರಲ್ಲಿ ಮದ್ರಸಾದಲ್ಲಿ ಓದಿದ ಯಾರಿಗಾದರೂ ತೋರಿಸಿ. ಅರಬ್ಬಿ ನಿರರ್ಗಳ ಓದುವವರು ಬೇಕಾದಷ್ಟು ಜನ ಇದ್ದಾರೆ.

ನುಕ್ತೆ
ಇನ್ನೊಂದು ಜೊತೆ ಕಣ್ಣು ಯಾವಾಗಲೂ ಒಳ್ಳೇದು. ಆದರೆ ಕುರ್‌ಆನ್ ಮುದ್ರಣದಲ್ಲಿ ಚುಕ್ಕೆಯಷ್ಟೇ ಅಲ್ಲ, ಸ್ವರಚಿಹ್ನೆಗಳೂ ಪೂರ್ತಿ ಇರುತ್ತವೆ. ಕಚೇರಿಯ ರುಕ್‌ಆ ಓದೋದು ಬೇರೆ ಅಭ್ಯಾಸ. ಸೌದಿ ಆಫೀಸಿನಲ್ಲಿ ಕಡತ ನೋಡಿದವರು ಸಿಕ್ಕರೆ ಅವರಿಗೆ ತೋರಿಸಿ. ತೋರಿಸುವಾಗ "ಇದು ಏಳಾ?" ಅಂತ ಮಾತ್ರ ಕೇಳಬೇಡಿ, ಕೇಳಿದರೆ ಏಳೇ ಕಾಣುತ್ತೆ. ಪದವನ್ನಷ್ಟೇ ಕತ್ತರಿಸಿ ಕಳಿಸಿ ಏನು ಅಂತ ಕೇಳಿ.

ಕುವೈತ್_ಮನೆ
ಇಲ್ಲೇ ಕೇಳಿಬಿಡ್ತೀನಿ. ನನ್ನ ಕುವೈತ್ ಸಂಬಳದ ಪತ್ರದಲ್ಲಿ 350, ಆಮೇಲೆ ಒಂದು ಗುರುತು, ಆಮೇಲೆ ಮೂರು ಚುಕ್ಕೆ ಇದೆ. ಅನುವಾದಕರು ಮೂರೂವರೆ ಲಕ್ಷ ಅಂತ ಬರೆದುಕೊಟ್ಟಿದ್ದಾರೆ! ಫೋಟೊ ಸ್ವಲ್ಪ ಮಸುಕು ಇತ್ತು.

ಹಳೇಕಡತ
350 ದಿನಾರ್. ಕುವೈತಿನಲ್ಲಿ ದಿನಾರಿಗೆ 1000 ಫಿಲ್ಸ್, ಅದಕ್ಕೇ ದಶಾಂಶದ ನಂತರ ಮೂರು ಸ್ಥಾನ. ಅರಬ್ಬಿ ಸೊನ್ನೆ ಬರೀ ಚುಕ್ಕೆ. ದಶಾಂಶದ ಗುರುತನ್ನು ಸಾವಿರದ ಗುರುತು ಅಂತ ಓದಿದ್ದಾರೆ. ತಿದ್ದಿಸಿಕೊಳ್ಳಿ.

ಇದು ಮೂಲ ಪ್ರಶ್ನೆಗೂ ಸಂಬಂಧಪಟ್ಟದ್ದೇ. ಮೊಹರಿನ ಅಡಿ ಸೊನ್ನೆ ಎರಡಾ ಮೂರಾ ಅಂತ ಅಂಕಿ ನೋಡಿ ಹೇಳಲಾಗಲ್ಲ. ಆದರೆ ಅಕ್ಷರದಲ್ಲಿ ಆಲಾಫ್ ಸ್ಪಷ್ಟ ಇದೆ ಅಂದರಲ್ಲ, ಹಾಗಾಗಿ ಮೊತ್ತ ಸಾವಿರಗಳಲ್ಲಿದೆ ಅನ್ನೋದು ಖಚಿತ. ಖಚಿತವಾಗಿರೋದನ್ನೂ ಟಿಪ್ಪಣಿಯಲ್ಲಿ ಹೇಳಿ.

ನೀಲಿ ಮೊಹರಿಗೆ ಒಂದು ಪ್ರಯತ್ನ ಮಾಡಬಹುದು. ಚಿತ್ರದ ನೀಲಿ ಪದರ ಮಾತ್ರ ಬೇರೆ ಮಾಡಿದರೆ ನೀಲಿ ಶಾಯಿ ತಿಳಿಯಾಗುತ್ತೆ, ಕಪ್ಪು ಪೆನ್ನು ಹಾಗೇ ಉಳಿಯುತ್ತೆ:

```
magick patra.jpg -channel B -separate neeli.png
```

ತರ್ಜುಮೆ_ಕುಡ್ಲ
ಮಾಡಿದೆ. ಮೊಹರಿನ ವೃತ್ತ ತೆಳುವಾಯ್ತು, ಆದರೆ ಅಂಕಿಯ ಸುತ್ತ ಮಂಜು ಉಳಿದುಕೊಂಡಿದೆ. ಕೆಳಗಿನ ತುದಿ ಮಾತ್ರ ಕಾಣುತ್ತೆ. ಏಳರ ತುದಿಯೋ ಒಂಬತ್ತರ ಕಾಲೋ ಹೇಳಲಾಗಲ್ಲ.

ಹಳೇಕಡತ
ಜೇಪೆಗ್ ಬಣ್ಣವನ್ನು ಇನ್ನೂ ಒರಟಾಗಿ ಉಳಿಸೋದರಿಂದ ಹಾಗೆ, ನೀಲಿ ಪಕ್ಕದ ಪಿಕ್ಸೆಲ್‌ಗೂ ಹರಡಿರುತ್ತೆ. ಮೂಲ ಫೈಲು ಸಿಕ್ಕರೆ ಇದೇ ಆಜ್ಞೆ ಹೆಚ್ಚು ಕೆಲಸ ಮಾಡುತ್ತೆ.

ಲಾ_ಪಾಯಿಂಟ್
ಟಿಕೆಟಿನ ಸಾಲಿಗೆ ಬರ್ತೀನಿ. ಅಲ್ಲಿ ಅನುಮಾನ ಏನಕ್ಕೆ? ಸೌದಿ ಕಾಯ್ದೆಯ 40ನೇ ವಿಧಿಯಲ್ಲಿ ಕೆಲಸ ಮುಗಿದ ಮೇಲೆ ಊರಿಗೆ ಕಳಿಸುವ ಟಿಕೆಟು ಸಾಮಾನ್ಯವಾಗಿ ಮಾಲೀಕರ ಮೇಲೆಯೇ. ಕಂಪನಿ ಅಂತ ಬರೆಯಿರಿ.

ನುಕ್ತೆ
ಮತ್ತೆ ಅದೇ ಬಲೆ. ಕಾಯ್ದೆ ಏನು ಹೇಳುತ್ತೆ ಅನ್ನೋದು ನಿಮ್ಮ ವಾದಕ್ಕೆ ಬೇಕು, ಕಾಗದ ಏನು ಹೇಳುತ್ತೆ ಅನ್ನೋದು ಅನುವಾದಕ್ಕೆ. ಕೆಲಸಗಾರನ ಮೇಲೆ ಹಾಕುವುದಕ್ಕೆಂದೇ ಆ ಸಾಲು ಕೈಯಲ್ಲಿ ಸೇರಿಸಿರಬಹುದು.

ಕ್ರಿಯಾಪದ ತಹಮ್ಮಲ್ ಅನ್ನೋದರ ರೂಪ ತಾನೇ? ಯತಹಮ್ಮಲ್ ಅಂದರೆ ಅವನು ಭರಿಸುತ್ತಾನೆ. ತತಹಮ್ಮಲ್ ಅಂದರೆ ಅವಳು. ಕಂಪನಿಗೆ ಅರಬ್ಬಿಯಲ್ಲಿ ಶರಿಕಾ, ಅದು ಸ್ತ್ರೀಲಿಂಗ, ಆದ್ದರಿಂದ ಕಂಪನಿ ಭರಿಸುತ್ತೆ ಅಂತಾಗುತ್ತೆ. ನತಹಮ್ಮಲ್ ಅಂದರೆ ನಾವು. ಮೂರಕ್ಕೂ ಮೈಕಟ್ಟು ಒಂದೇ, ಮೊದಲ ಹಲ್ಲಿನ ಚುಕ್ಕೆ ಮಾತ್ರ ಬೇರೆ: ಕೆಳಗೆ ಎರಡು, ಮೇಲೆ ಎರಡು, ಮೇಲೆ ಒಂದು. ಮುಂದೆ ಕರ್ತೃಪದ ಬಂದಿದ್ದರೆ ಗೊಂದಲ ಇರ್ತಿರಲಿಲ್ಲ.

ತರ್ಜುಮೆ_ಕುಡ್ಲ
ಬಂದಿಲ್ಲ. "ಮತ್ತು ಪ್ರಯಾಣದ ಟಿಕೆಟಿನ ಬೆಲೆಯನ್ನು ಭರಿಸುವುದು" ಅಂತಷ್ಟೇ. ಹಿಂದಿನ ವಾಕ್ಯದಲ್ಲಿ ಕಂಪನಿಯೂ ಇದೆ, ಕೆಲಸಗಾರನೂ ಇದ್ದಾನೆ. ಹಲ್ಲಿನ ಮೇಲೆ ಏನೋ ಒಂದು ಕಲೆ ಇದೆ. ಕೆಳಗೂ ಒಂದು ಇದೆ.

ನುಕ್ತೆ
ಎರಡನೇ ಅಕ್ಷರ ತಾ ಆದ್ದರಿಂದ ಅದರ ಚುಕ್ಕೆಗಳೂ ಮೇಲೆಯೇ ಬರುತ್ತವೆ. ರುಕ್‌ಆದಲ್ಲಿ ಅದು ಗೆರೆಯಾಗಿ ಬಲಕ್ಕೆ ಸರಿದಿರಬಹುದು. ಮೇಲಿನ ಕಲೆ ಮೊದಲ ಅಕ್ಷರದ್ದು ಅಂತ ಹಟ ಹಿಡಿಯಲಾಗಲ್ಲ. ಹಾಗೆಯೇ ಬರೆಯಿರಿ: ಯಾರು ಅನ್ನೋದು ಓದಲಾಗಿಲ್ಲ.

ಶಿರಸಿ_ಹುಡುಗ
ಪಾರ್ಟಿಗೆ ಇದೆಲ್ಲ ಅರ್ಥ ಆಗುತ್ತಾ? "ಅನುವಾದ ಶೇಕಡಾ 95 ಖಚಿತ" ಅಂದುಬಿಟ್ಟರೆ ಸುಲಭ ಅಲ್ವಾ?

ಹಳೇಕಡತ
ಪುಟದಲ್ಲಿ ಇನ್ನೂರು ಪದ ಇದ್ದು ಹತ್ತು ಅನುಮಾನ ಅಂದರೆ ಲೆಕ್ಕಕ್ಕೆ 95 ಬರುತ್ತೆ. ಆ ಹತ್ತರಲ್ಲೇ ಮೊತ್ತ, ಸಂಬಳ, ವರ್ಷ, ಟಿಕೆಟು ಎಲ್ಲ ಇವೆ. ಖಚಿತವಾದ ನೂರಾ ತೊಂಬತ್ತರಲ್ಲಿ ಕಂಪನಿಯ ವಿಳಾಸವೂ "ಅಲ್ಲಾಹನ ಹೆಸರಿನಿಂದ" ಅನ್ನೋದೂ ಇರುತ್ತೆ. 95 ನೋಡಿದ ಪಾರ್ಟಿ ನಿಶ್ಚಿಂತೆಯಿಂದ ಕೋರ್ಟಿಗೆ ಹಾಕುತ್ತೆ.

ಚುಕ್ಕೆ, ಹಲ್ಲು, ರುಕ್‌ಆ ಯಾವುದೂ ಟಿಪ್ಪಣಿಯಲ್ಲಿ ಬೇಡ. ಅದು ನಮ್ಮ ನಮ್ಮ ಮಾತು. ಒಂದು ಕರಡು ಹಾಕಿದ್ದೇನೆ, ಬೇಕಾದ ಹಾಗೆ ತಿದ್ದಿಕೊಳ್ಳಿ:

> ಈ ಅನುವಾದವನ್ನು ವಾಟ್ಸಾಪಿನಲ್ಲಿ ಬಂದ ಒಂದು ಫೋಟೊ ನೋಡಿ ಮಾಡಲಾಗಿದೆ. ಮೂಲ ಕಾಗದವನ್ನು ನಾವು ನೋಡಿಲ್ಲ. ಅದು ಅಸಲಿಯೇ ಎಂಬ ಬಗ್ಗೆ ಇಲ್ಲಿ ಏನನ್ನೂ ಹೇಳಿಲ್ಲ.
>
> ಅಚ್ಚಾದ ಭಾಗ, ಕೆಲಸ ಬಿಟ್ಟ ದಿನಾಂಕ ಮತ್ತು ಮೊತ್ತ ಸಾವಿರಗಳಲ್ಲಿದೆ ಎಂಬುದು ಸ್ಪಷ್ಟವಾಗಿವೆ. ಕೆಳಗಿನ ಐದು ಕಡೆ ಫೋಟೊದಿಂದ ಖಚಿತವಾಗಿ ಓದಲಾಗಿಲ್ಲ:
>
> 1. ಒಟ್ಟು ಮೊತ್ತ: 7,000 ಅಥವಾ 9,000 ರಿಯಾಲ್. ಅಕ್ಷರದ ಆಕಾರ 7,000ದ ಕಡೆ ವಾಲುತ್ತದೆ, ಖಚಿತವಿಲ್ಲ.
> 2. ತಿಂಗಳ ಸಂಬಳ: 2,000 ಅಥವಾ 3,000 ರಿಯಾಲ್.
> 3. ಸೇರಿದ ವರ್ಷ: ಹಿಜರಿ 1438 ಅಥವಾ 1437.
> 4. ಕೆಲಸ ಬಿಡಲು ಕಾರಣ: ಗುರುತು ಕಾಣುವುದಿಲ್ಲ.
> 5. ಟಿಕೆಟಿನ ಹಣ ಭರಿಸಬೇಕಾದವರು ಕಂಪನಿಯೋ ಕೆಲಸಗಾರರೋ ತಿಳಿಯುವುದಿಲ್ಲ.
>
> ಇವನ್ನು ಲೆಕ್ಕ ಹಾಕಿ ಅಥವಾ ಕಾಯ್ದೆ ನೋಡಿ ತುಂಬಿಲ್ಲ. ಹೆಸರನ್ನು ನೀವು ಕೊಟ್ಟ ಪಾಸ್‌ಪೋರ್ಟ್ ಪ್ರತಿಯಂತೆ ಬರೆಯಲಾಗಿದೆ. ಒಳ್ಳೆಯ ಫೋಟೊ ಬಂದರೆ ಈ ಐದನ್ನು ತಿದ್ದಿ ಹೊಸ ಪ್ರತಿ ಕೊಡುತ್ತೇವೆ. ಅಲ್ಲಿಯವರೆಗೆ ಈ ಜಾಗಗಳನ್ನು ಆಧರಿಸಿ ಅರ್ಜಿ ಹಾಕಬೇಡಿ.

ಭಟ್ಕಳ_ಬಂದರು
ಪಾಸ್‌ಪೋರ್ಟಿನ ಮಾತು ಯಾಕೆ? ಹೆಸರು ಸ್ಪಷ್ಟ ಇಲ್ಲವಾ?

ಹಳೇಕಡತ
ಸ್ಪಷ್ಟ ಇದ್ದರೂ ಬೇಕು. ಅರಬ್ಬಿಯಲ್ಲಿ ಪ ಇಲ್ಲ, ಹ್ರಸ್ವ ಸ್ವರ ಬರೆಯೋದಿಲ್ಲ. ಪೂಜಾರಿ ಅಂತ ಇದ್ದವರು ಕಾಗದದಲ್ಲಿ ಬೂಜಾರಿ ಆಗಿರ್ತಾರೆ. ಇದಕ್ಕೂ ಫೋಟೊಗೂ ಸಂಬಂಧ ಇಲ್ಲ, ಆದರೆ ಆಮೇಲೆ ಹೆಸರು ಹೊಂದಲಿಲ್ಲ ಅಂತ ಬಂದರೆ ಪಾರ್ಟಿ ಅದನ್ನೂ ಫೋಟೊದ ಲೆಕ್ಕಕ್ಕೇ ಹಾಕುತ್ತೆ.

ತರ್ಜುಮೆ_ಕುಡ್ಲ
ತುಂಬಾ ಉಪಕಾರ. ದಮಾಮಿನವರಿಗೆ ಫೋಟೊ ಹೇಗೆ ತೆಗೆಯಲು ಹೇಳಲಿ? "ಕ್ಲಿಯರಾಗಿ ತೆಗೆಯಿರಿ" ಅಂದರೆ ಇದೇ ಬರುತ್ತೆ.

ನುಕ್ತೆ
ಹೀಗೆ ಹೇಳಿ. ಕಾಗದವನ್ನು ಹಗಲಲ್ಲಿ ಕಿಟಕಿಯ ಪಕ್ಕ ಮೇಜಿನ ಮೇಲೆ ಹರಡಿ, ಫ್ಲ್ಯಾಶ್ ಬೇಡ, ಟ್ಯೂಬ್‌ಲೈಟ್ ಆರಿಸಿ. ಮಡಿಕೆಯ ಮೇಲೆ ಪುಸ್ತಕ ಇಟ್ಟು ಸ್ವಲ್ಪ ಹೊತ್ತು ಒತ್ತಿ. ಪೂರ್ತಿ ಪುಟ ಒಂದು ಫೋಟೊ, ಆಮೇಲೆ ಮೇಲಿನ, ನಡುವಿನ, ಕೆಳಗಿನ ಭಾಗ ಒಂದೊಂದು, ಅಂಚು ಒಂದರ ಮೇಲೊಂದು ಬರುವ ಹಾಗೆ. ಅನುಮಾನದ ಐದು ಜಾಗಗಳಿಗೆ ವೃತ್ತ ಹಾಕಿ ನಿಮ್ಮ ಫೋಟೊವನ್ನೇ ವಾಪಸ್ ಕಳಿಸಿ, ಅಲ್ಲಿಗೆ ಹತ್ತಿರದಿಂದ ಎರಡೆರಡು ತೆಗೆಯಲಿ. ಮೊಹರಿನ ಜಾಗಕ್ಕೆ ಕಾಗದ ಸ್ವಲ್ಪ ಓರೆ ಮಾಡಿ ಇನ್ನೊಂದು. ಕಳಿಸುವಾಗ ಫೋಟೊ ಅಂತ ಅಲ್ಲ, ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆರಿಸಿ, ಆಗ ಫೈಲು ಕುಗ್ಗಲ್ಲ. ಮಸುಕಾದ ಅಕ್ಷರದ ಮೇಲೆ ಪೆನ್ನು ಆಡಿಸಬೇಡಿ ಅಂತಲೂ ಹೇಳಿ. ಸಹಾಯ ಮಾಡೋಣ ಅಂತ ತಿದ್ದುವವರಿದ್ದಾರೆ.

ಲಾ_ಪಾಯಿಂಟ್
ಕರಡಿನಲ್ಲಿ ಒಂದಕ್ಕೆ ನನ್ನ ತಕರಾರಿದೆ. "7,000ದ ಕಡೆ ವಾಲುತ್ತದೆ" ಅನ್ನೋದು ಬೇಡ. ಎದುರು ಪಕ್ಷದವರು ಅದನ್ನೇ ಹಿಡಿದುಕೊಂಡು "ನಿಮ್ಮ ಅನುವಾದಕರೇ 7,000 ಅಂದಿದ್ದಾರೆ" ಅಂತಾರೆ. ಎರಡೂ ಓದು ಕೊಟ್ಟು ಸುಮ್ಮನಿರಿ.

ನುಕ್ತೆ
ನಾನು ಒಪ್ಪಲ್ಲ. ಕಂಡದ್ದನ್ನು ಮುಚ್ಚಿಟ್ಟರೆ ಎರಡೂ ಸರಿಸಮ ಅಂತ ಹೇಳಿದ ಹಾಗೆ, ಅದೂ ಸುಳ್ಳೇ. ಇದು ಹಣದ ವಿಷಯದಲ್ಲಿ ಪಾರ್ಟಿಯ ವಿರುದ್ಧ ಹೋಗುತ್ತೆ ಅನ್ನೋದು ಬೇರೆ ಮಾತು.

ಲಾ_ಪಾಯಿಂಟ್
ಮಡಿಕೆಯೊಳಗೆ ಹಲ್ಲು ಇರಬಹುದು ಅಂತ ಅವರೇ ಹೇಳಿದ್ದಾರೆ. ಹಾಗಿದ್ದಮೇಲೆ ವಾಲೋದು ಎಲ್ಲಿಂದ ಬಂತು?

ತರ್ಜುಮೆ_ಕುಡ್ಲ
ಇದನ್ನು ಇವತ್ತು ರಾತ್ರಿ ಯೋಚಿಸ್ತೀನಿ. ಸದ್ಯಕ್ಕೆ ಅನುವಾದದೊಳಗೆ [7,000 ಅಥವಾ 9,000, ಟಿಪ್ಪಣಿ 1 ನೋಡಿ] ಅಂತ ಹಾಕಿದ್ದೇನೆ, ಯಾವ ಕಡೆಗೂ ವಾಲಿಸದೆ.

ಹಳೇಕಡತ
ಆ ಚೌಕ ಆವರಣ ಒಳಗೆ ಇರಲೇಬೇಕು. ಟಿಪ್ಪಣಿಯನ್ನು ಬೇರೆ ಹಾಳೆಯಲ್ಲಿ ಕೊಟ್ಟರೆ ಝೆರಾಕ್ಸ್ ಅಂಗಡಿಯಲ್ಲೇ ಅದು ಕಳಚಿಕೊಳ್ಳುತ್ತೆ, ಮುಂದೆ ಹೋಗೋದು ಅನುವಾದದ ಹಾಳೆ ಒಂದೇ. ಆಗೋದಾದರೆ ಟಿಪ್ಪಣಿಯನ್ನು ಅನುವಾದದ ಪುಟದ ಕೆಳಗೇ ಅಚ್ಚು ಹಾಕಿ, ನಿಮ್ಮ ಸಹಿ ಅದರ ಕೆಳಗೆ ಬರಲಿ, ಮೇಲೆ ಬೇಡ.